ಮೂರು ಗುರಿ, ಹದಿನೇಳು ಗಾಡಿ: ಡಿಸ್ಪ್ಯಾಚ್ ಮೇಜಿಗೆ ಗೋಲ್ ಪ್ರೋಗ್ರಾಮಿಂಗ್

ಗೋಡೌನಿನಲ್ಲಿ ಗಾಡಿ ಕಳಿಸುವ ಕೆಲಸ ಮಾಡುವವರಿಗೆ ಮೂರು ಕಡೆಯಿಂದ ಮೂರು ಮಾತು ಬರುತ್ತವೆ. ಮಾಲೀಕರು ಖರ್ಚು ಇಳಿಸಿ ಎನ್ನುತ್ತಾರೆ. ಸೇಲ್ಸ್‌ನವರು ಅಂಗಡಿಗಳಿಗೆ ಮಧ್ಯಾಹ್ನದೊಳಗೆ ಸರಕು ಮುಟ್ಟಲೇಬೇಕು ಎನ್ನುತ್ತಾರೆ. ಲೆಕ್ಕಪತ್ರದವರು ತಿಂಗಳ ಕೊನೆಗೆ ಬಂಕಿನ ಬಿಲ್ಲು ಮುಂದಿಟ್ಟು, ಡೀಸೆಲ್ ಯಾಕೆ ಇಷ್ಟಾಯಿತು ಎಂದು ಕೇಳುತ್ತಾರೆ. ಮೂವರ ಮಾತೂ ಸರಿಯೇ. ಆದರೆ ಒಂದನ್ನು ನಡೆಸಲು ಹೋದರೆ ಇನ್ನೊಂದು ಜಾರುತ್ತದೆ. ಕೊನೆಗೆ ಯಾರ ದನಿ ಜೋರಾಗಿತ್ತೋ ಅವರ ಮಾತಿನಂತೆ ಆ ದಿನದ ಗಾಡಿಗಳು ಹೊರಡುತ್ತವೆ.

ಈ ಇಕ್ಕಟ್ಟಿಗೆಂದೇ ಇರುವ ಲೆಕ್ಕದ ವಿಧಾನ ಗೋಲ್ ಪ್ರೋಗ್ರಾಮಿಂಗ್. 1955ರಲ್ಲಿ ಅಮೆರಿಕದ ಚಾರ್ನ್ಸ್, ಕೂಪರ್ ಮತ್ತು ಫರ್ಗುಸನ್ ಎಂಬ ಮೂವರು, ಕಂಪನಿಯ ಅಧಿಕಾರಿಗಳಿಗೆ ಸಂಬಳ ನಿಗದಿ ಮಾಡುವ ಲೆಕ್ಕದಲ್ಲಿ ಇದರ ಮೂಲ ಉಪಾಯವನ್ನು ಬಳಸಿದರು. 1961ರಲ್ಲಿ ಬಂದ ಚಾರ್ನ್ಸ್ ಮತ್ತು ಕೂಪರ್ ಅವರ ಪುಸ್ತಕದಲ್ಲಿ ಅದಕ್ಕೆ ಈ ಹೆಸರು ಬಂತು. ಇಲ್ಲಿ ನಮಗೆ ಬೇಕಾದದ್ದು ಆದ್ಯತೆಯ ಸಾಲು ಹಾಕಿ ಬಿಡಿಸುವ ಬಗೆ ಮಾತ್ರ. ಎಕ್ಸೆಲ್ ಇದ್ದರೆ ಸಾಕು.

ಒಂದು ಗೋಡೌನ್, ಒಂದು ದಿನ

ನೆಲಮಂಗಲದ ಹತ್ತಿರ ಒಬ್ಬ ವಿತರಕರ ಗೋಡೌನ್ ಇದೆ ಎಂದುಕೊಳ್ಳಿ. ನಾಳೆ ಬೆಳಿಗ್ಗೆ 100 ಅಂಗಡಿಗಳಿಗೆ ಸರಕು ಹೋಗಬೇಕು. ಅಂಗಡಿಗೆ ಸರಾಸರಿ 400 ಕೆ.ಜಿ. ಎಂದರೆ ಒಟ್ಟು 40 ಟನ್. ಕೈಯಲ್ಲಿರುವುದು ಮೂರು ಬಗೆಯ ಗಾಡಿ. ಒಂದೊಂದಕ್ಕೂ ದಿನಕ್ಕೆ ಒಂದೇ ಟ್ರಿಪ್, ಹೊರಡುವುದು ಲೋಡು ತುಂಬಿಸಿಕೊಂಡೇ. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಹಾಕಿದ್ದೇನೆ. ನಿಮ್ಮ ಟ್ರಿಪ್ ಶೀಟಿನ ಅಂಕಿಗಳನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳಿ.

- ಸ್ವಂತ ಪಿಕಪ್, ಹೆಚ್ಚೆಂದರೆ 10. ಒಂದೊಂದು 2 ಟನ್ ಹೊತ್ತು 5 ಅಂಗಡಿ ಮುಗಿಸುತ್ತದೆ. ಐದಕ್ಕೆ ಐದೂ ಮಧ್ಯಾಹ್ನ 12ರೊಳಗೆ. ಟ್ರಿಪ್ಪಿಗೆ ಖರ್ಚು 2,600 ರೂ., ಡೀಸೆಲ್ 10 ಲೀಟರ್.
- ಸ್ವಂತ ಲಾರಿ, ಹೆಚ್ಚೆಂದರೆ 3. ಒಂದೊಂದು 8 ಟನ್, 20 ಅಂಗಡಿ. 12ರೊಳಗೆ ಮುಗಿಯುವುದು 8 ಮಾತ್ರ, ಏಕೆಂದರೆ ಲಾರಿ ಇಕ್ಕಟ್ಟಿನ ಬೀದಿಗೆ ನುಗ್ಗಲಾರದು, ಇಳಿಸುವುದೂ ತಡ. ಖರ್ಚು 6,000 ರೂ., ಡೀಸೆಲ್ 25 ಲೀಟರ್.
- ಬಾಡಿಗೆ ಕ್ಯಾಂಟರ್, ಹೆಚ್ಚೆಂದರೆ 4. ಒಂದೊಂದು 4 ಟನ್, 10 ಅಂಗಡಿ, 12ರೊಳಗೆ 7. ಬಾಡಿಗೆ 5,000 ರೂ. ಡೀಸೆಲ್ ಅವರದೇ, ನಮ್ಮ ಲೆಕ್ಕಕ್ಕೆ ಸೊನ್ನೆ.

ಗುರಿಗಳು ಮೂರು. 12 ಗಂಟೆಯೊಳಗೆ ಕನಿಷ್ಠ 70 ಅಂಗಡಿ. ಖರ್ಚು 43,000 ರೂ. ಮೀರಬಾರದು. ಸ್ವಂತ ಗಾಡಿಗಳ ಡೀಸೆಲ್ 120 ಲೀಟರ್ ದಾಟಬಾರದು.

ಕಡಿಮೆ ಖರ್ಚಿನದು ಯಾವುದು ಎಂದಷ್ಟೇ ಕೇಳಿದರೆ ಲೆಕ್ಕ ತಟ್ಟನೆ ಉತ್ತರ ಕೊಡುತ್ತದೆ: ಮೂರು ಲಾರಿ, ನಾಲ್ಕು ಕ್ಯಾಂಟರ್, ಪಿಕಪ್ ಬೇಡ. ಖರ್ಚು 38,000, ಡೀಸೆಲ್ 75 ಲೀಟರ್. ಮಾಲೀಕರಿಗೂ ಲೆಕ್ಕಪತ್ರದವರಿಗೂ ಖುಷಿ. ಆದರೆ 12ರೊಳಗೆ ಸರಕು ಮುಟ್ಟಿದ್ದು 52 ಅಂಗಡಿಗೆ. ಸಂಜೆ ಬರುವ ಫೋನುಗಳನ್ನು ಎತ್ತಬೇಕಾದವರು ನೀವು.

ಹಾಗಾದರೆ ಮೂರು ಗುರಿಗಳನ್ನೂ ಕಡ್ಡಾಯ ಷರತ್ತುಗಳನ್ನಾಗಿ ಹಾಕಿಬಿಡೋಣ ಎಂದು ಹೊರಟವರಿಗೆ ಎಕ್ಸೆಲ್ ಹೇಳುವುದು ಒಂದೇ ಸಾಲು: `Solver could not find a feasible solution.` ಈ ಹದಿನೇಳು ಗಾಡಿಗಳಲ್ಲಿ ಮೂರೂ ಗುರಿ ಒಟ್ಟಿಗೆ ಮುಟ್ಟುವ ಜೋಡಣೆ ಇಲ್ಲವೇ ಇಲ್ಲ. ಎಷ್ಟರಲ್ಲಿ ತಪ್ಪಿತು, ಯಾವುದನ್ನು ಸ್ವಲ್ಪ ಸಡಿಲಿಸಿದರೆ ದಾರಿ ಆಗುತ್ತದೆ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಲೋಡಿಂಗ್ ಶುರುಮಾಡಬೇಕಾದವರಿಗೆ ಇಂಥ ಉತ್ತರದಿಂದ ಏನೂ ಪ್ರಯೋಜನವಿಲ್ಲ.

ಗುರಿ ತಪ್ಪಲು ಜಾಗ ಬಿಡುವುದು

ಗೋಲ್ ಪ್ರೋಗ್ರಾಮಿಂಗ್‌ನ ಇಡೀ ಉಪಾಯ ಇಲ್ಲಿದೆ. ಪ್ರತಿ ಗುರಿಗೂ ಎರಡು ಹೊಸ ಅಂಕಿಗಳನ್ನು ಸೇರಿಸುತ್ತೇವೆ. ಗುರಿಗಿಂತ ಎಷ್ಟು ಕಡಿಮೆ ಬಿತ್ತು ಎನ್ನುವ ಕೊರತೆ ಒಂದು, ಅದಕ್ಕೆ n. ಗುರಿಗಿಂತ ಎಷ್ಟು ಹೆಚ್ಚಾಯಿತು ಎನ್ನುವ ಹೆಚ್ಚಳ ಇನ್ನೊಂದು, ಅದಕ್ಕೆ p. ಪಿಕಪ್ಪಿಗೆ PK, ಲಾರಿಗೆ LR, ಕ್ಯಾಂಟರಿಗೆ CT ಎಂದು ಬರೆದರೆ ನಮ್ಮ ಲೆಕ್ಕ ಹೀಗಾಗುತ್ತದೆ:

```
5 PK + 20 LR + 10 CT = 100
5 PK + 8 LR + 7 CT + n1 - p1 = 70
2600 PK + 6000 LR + 5000 CT + n2 - p2 = 43000
10 PK + 25 LR + n3 - p3 = 120
PK <= 10,  LR <= 3,  CT <= 4
```

ಮೊದಲ ಸಾಲಿಗೆ n, p ಇಲ್ಲ ಎಂಬುದನ್ನು ಗಮನಿಸಿ. ನೂರು ಅಂಗಡಿಗೂ ಸರಕು ಹೋಗಲೇಬೇಕು, ಅಲ್ಲಿ ರಿಯಾಯಿತಿ ಇಲ್ಲ. ಕೊನೆಯ ಸಾಲೂ ಹಾಗೆಯೇ, ಇಲ್ಲದ ಗಾಡಿಯನ್ನು ಕಳಿಸಲಾಗದು. ಇವು ನಿಜವಾದ ನಿರ್ಬಂಧಗಳು. ನಡುವಿನ ಮೂರು ಸಾಲುಗಳು ಆಸೆಗಳು. ಆಸೆ ಕೈಗೂಡದಿದ್ದರೂ ಲೆಕ್ಕ ಮುರಿದುಬೀಳುವುದಿಲ್ಲ, ಏಕೆಂದರೆ ತಪ್ಪಿದ ಅಂತರವನ್ನು n ಅಥವಾ p ಹೊತ್ತುಕೊಳ್ಳುತ್ತದೆ. ಆದ್ದರಿಂದಲೇ ನಿಜವಾದ ನಿರ್ಬಂಧಗಳು ಒಂದಕ್ಕೊಂದು ಹೊಂದಿದರೆ ಸಾಕು, ಇಲ್ಲಿ ಒಂದು ಉತ್ತರ ಸಿಕ್ಕೇ ಸಿಗುತ್ತದೆ, ಜೊತೆಗೆ ಎಷ್ಟು ತಪ್ಪಿತು ಎಂಬ ಲೆಕ್ಕವೂ ಸಿಗುತ್ತದೆ.

ಎಲ್ಲ n, p ಕೆಟ್ಟವಲ್ಲ. ಹೊತ್ತಿನ ಗುರಿಯಲ್ಲಿ ಬೇಡವಾದದ್ದು ಕೊರತೆ (n1) ಮಾತ್ರ. ಎಪ್ಪತ್ತರ ಬದಲು ಎಪ್ಪತ್ತಾರು ಅಂಗಡಿ ಮುಗಿದರೆ ಯಾರಿಗೆ ಬೇಜಾರು? ಖರ್ಚಿನಲ್ಲಿ ಬೇಡವಾದದ್ದು ಹೆಚ್ಚಳ (p2), ಡೀಸೆಲಿನಲ್ಲೂ ಹೆಚ್ಚಳವೇ (p3). ಹೀಗೆ ನಾವು ಇಳಿಸಬೇಕಾದದ್ದು ಮೂರು: n1, p2, p3.

ಇವನ್ನು ಒಂದೇ ಏಟಿಗೆ ಇಳಿಸದೆ ಸರದಿಯಲ್ಲಿ ಇಳಿಸುವುದೇ ಆದ್ಯತೆಯ ವಿಧಾನ. ಮೊದಲ ದರ್ಜೆಯ ಗುರಿಯ ತಪ್ಪನ್ನು ಸಾಧ್ಯವಾದಷ್ಟು ಇಳಿಸಿ, ಅಲ್ಲಿಗೆ ಬೀಗ ಹಾಕಬೇಕು. ಆ ಬೀಗ ಮುರಿಯದ ಯೋಜನೆಗಳಲ್ಲಿ ಮಾತ್ರ ಎರಡನೆಯದನ್ನು ಇಳಿಸಬೇಕು. ಅದಕ್ಕೂ ಬೀಗ ಹಾಕಿ ಮೂರನೆಯದಕ್ಕೆ ಹೋಗಬೇಕು.

ಎಕ್ಸೆಲ್ಲಿನಲ್ಲಿ ಹಂತ ಹಂತವಾಗಿ

1. ಹಾಳೆ ಹೀಗೆ ಸಿದ್ಧಮಾಡಿ. B2, C2, D2 ಖಾಲಿ ಬಿಡಿ, ಟ್ರಿಪ್ಪುಗಳ ಉತ್ತರ ಬರುವುದು ಅಲ್ಲಿ. ಮೂರನೇ ಸಾಲಿನಲ್ಲಿ ಇರುವ ಗಾಡಿಗಳು: 10, 3, 4. ನಾಲ್ಕನೇ ಸಾಲಿನಲ್ಲಿ ಅಂಗಡಿಗಳು: 5, 20, 10. ಐದನೆಯದರಲ್ಲಿ 12ರೊಳಗಿನವು: 5, 8, 7. ಆರರಲ್ಲಿ ಖರ್ಚು, ಏಳರಲ್ಲಿ ಡೀಸೆಲ್. E ಕಾಲಂ ಕೊರತೆಗೆ, F ಹೆಚ್ಚಳಕ್ಕೆ. H4ರಿಂದ H7ರವರೆಗೆ 100, 70, 43000, 120.

2. ಈ ಸೂತ್ರಗಳನ್ನು ಹಾಕಿ. G5, I5ರ ಸೂತ್ರಗಳ ಮಾದರಿಯಲ್ಲೇ ಆರು ಮತ್ತು ಏಳನೇ ಸಾಲು.

```
G4: =SUMPRODUCT(B4:D4,$B$2:$D$2)
I5: =SUMPRODUCT(B5:D5,$B$2:$D$2)
G5: =I5+E5-F5
J5: =E5
J6: =F6
J7: =F7
```

I ಕಾಲಂ ನಿಜವಾದ ಮೊತ್ತ ತೋರಿಸುತ್ತದೆ. J ಕಾಲಂ ಯಾಕೆ ಎಂದು ಕೇಳಬಹುದು. ಸಾಲ್ವರ್ ಇಳಿಸಬೇಕಾದ ಸೆಲ್ಲಿನಲ್ಲಿ ಸೂತ್ರವೇ ಇರಬೇಕು, ನೇರವಾಗಿ E5 ತೋರಿಸಿದರೆ ಅದು ಒಪ್ಪುವುದಿಲ್ಲ. ಅದಕ್ಕೇ ಈ ಸುತ್ತುದಾರಿ.

3. `Data` ಮೆನುವಿನಲ್ಲಿ `Solver` ತೆರೆಯಿರಿ. ಕಾಣದಿದ್ದರೆ `File > Options > Add-ins`ಗೆ ಹೋಗಿ ಸೇರಿಸಿಕೊಳ್ಳಬೇಕು. ಬದಲಾಗುವ ಸೆಲ್‌ಗಳು `B2:D2,E5:F7`. ಷರತ್ತುಗಳು ಮೂರು: `G4:G7 = H4:H7`, `B2:D2 <= B3:D3`, `B2:D2 = int`. ವಿಧಾನ `Simplex LP`. ಋಣ ಸಂಖ್ಯೆ ಬಾರದಂತೆ ತಡೆಯುವ `Make Unconstrained Variables Non-Negative` ಗುರುತಿಗೆ ಟಿಕ್ ಇರಲಿ. ಆಯ್ಕೆಗಳಲ್ಲಿ `Integer Optimality (%)` ಎಂಬುದನ್ನು 0 ಮಾಡಿ. ಇಲ್ಲದಿದ್ದರೆ ಹತ್ತಿರ ಹತ್ತಿರದ ಉತ್ತರಕ್ಕೇ ಅದು ನಿಂತುಬಿಡಬಹುದು.

4. ಮೊದಲ ಓಟ: J5 ಕನಿಷ್ಠ ಮಾಡಿ. ಉತ್ತರ 0 ಬರುತ್ತದೆ. ಎಪ್ಪತ್ತು ಅಂಗಡಿ ಸಾಧ್ಯ ಎಂದಾಯಿತು. ಈಗ ತೆರೆಯ ಮೇಲೆ ಕಾಣುವ ಗಾಡಿ ಸಂಖ್ಯೆಗಳನ್ನು ನಂಬಬೇಡಿ, ಆ ಹಂತದಲ್ಲಿ ಖರ್ಚು, ಡೀಸೆಲನ್ನು ಅದು ನೋಡಿಯೇ ಇಲ್ಲ.

5. ಎರಡನೇ ಓಟ: `E5 <= 0` ಎಂಬ ಷರತ್ತು ಸೇರಿಸಿ J6 ಕನಿಷ್ಠ ಮಾಡಿ. ಮತ್ತೆ 0.

6. ಮೂರನೇ ಓಟ: `F6 <= 0` ಕೂಡ ಸೇರಿಸಿ J7 ಕನಿಷ್ಠ ಮಾಡಿ. ಈ ಬಾರಿ ಉತ್ತರ 10. ಗಾಡಿಗಳು: 8 ಪಿಕಪ್, 2 ಲಾರಿ, 2 ಕ್ಯಾಂಟರ್.

ಒಳಗೆ ನಡೆದದ್ದೇನು ಎಂದು ಕೈಯಲ್ಲೇ ನೋಡಬಹುದು. ನೂರು ಅಂಗಡಿಗೆ ಸರಿಹೊಂದುವ ಜೋಡಣೆಗಳು ಒಟ್ಟು ಹನ್ನೊಂದು. ಅವುಗಳಲ್ಲಿ 12ರೊಳಗೆ 70 ಅಂಗಡಿ ಮುಟ್ಟುವುದು ನಾಲ್ಕು. ಆ ನಾಲ್ಕರಲ್ಲಿ 43,000 ಮೀರದವು ಎರಡು: 10 ಪಿಕಪ್, 2 ಲಾರಿ, 1 ಕ್ಯಾಂಟರ್ ಒಂದು, 8, 2, 2 ಇನ್ನೊಂದು. ಮೊದಲನೆಯದಕ್ಕೆ ಡೀಸೆಲ್ 150, ಎರಡನೆಯದಕ್ಕೆ 130. ಆದ್ದರಿಂದ ಎರಡನೆಯದು ಗೆದ್ದಿತು. 12ರೊಳಗೆ ಸರಿಯಾಗಿ 70 ಅಂಗಡಿ, ಖರ್ಚು 42,800, ಡೀಸೆಲ್ ಗುರಿಗಿಂತ 10 ಲೀಟರ್ ಜಾಸ್ತಿ.

ದರ್ಜೆ ಬದಲಿಸಿ ನೋಡಿ

ಇಷ್ಟಕ್ಕೇ ನಿಲ್ಲಿಸಿದರೆ ಈ ವಿಧಾನದ ಅರ್ಧ ಲಾಭವೂ ಸಿಕ್ಕಂತಾಗಲಿಲ್ಲ. ಮೂರು ಗುರಿಗಳನ್ನು ಆರು ಬಗೆಯಲ್ಲಿ ಸಾಲು ಮಾಡಬಹುದು. ಆರನ್ನೂ ಓಡಿಸಿದರೆ ಆರು ಉತ್ತರ ಬರುತ್ತದೆ ಅಂದುಕೊಳ್ಳುತ್ತೇವೆ. ಇಲ್ಲಿ ಬರುವುದು ಮೂರೇ.

- ಡೀಸೆಲ್ ಕೊನೆಗಿದ್ದರೆ: 8 ಪಿಕಪ್, 2 ಲಾರಿ, 2 ಕ್ಯಾಂಟರ್. 70 ಅಂಗಡಿ, 42,800 ರೂ., 130 ಲೀಟರ್.
- ಹೊತ್ತು ಕೊನೆಗಿದ್ದರೆ: 6 ಪಿಕಪ್, 2 ಲಾರಿ, 3 ಕ್ಯಾಂಟರ್. 67 ಅಂಗಡಿ, 42,600 ರೂ., 110 ಲೀಟರ್.
- ಖರ್ಚು ಕೊನೆಗಿದ್ದರೆ: 8 ಪಿಕಪ್, 1 ಲಾರಿ, 4 ಕ್ಯಾಂಟರ್. 76 ಅಂಗಡಿ, 46,800 ರೂ., 105 ಲೀಟರ್.

ಕಾರಣ ಸರಳ. ಯಾವ ಎರಡು ಗುರಿಗಳನ್ನು ತೆಗೆದುಕೊಂಡರೂ ಒಟ್ಟಿಗೆ ಮುಟ್ಟಬಹುದು, ಮೂರನ್ನೂ ಮುಟ್ಟಲಾಗದು. ಹಾಗಾಗಿ ಮೊದಲ ಎರಡರಲ್ಲಿ ಯಾರು ಮುಂದು, ಯಾರು ಹಿಂದು ಎಂದು ಕೂತು ಜಗಳವಾಡುವುದು ವ್ಯರ್ಥ. ಈ ಗೋಡೌನಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬಿಟ್ಟುಕೊಡಬೇಕಾದದ್ದು ಯಾವುದು? ನಿಮ್ಮ ಗೋಡೌನಿನಲ್ಲಿ ಚಿತ್ರ ಬೇರೆ ಇರಬಹುದು. ಆದರೆ ಮೀಟಿಂಗಿಗೆ ಹೋಗುವ ಮೊದಲು ಆರೂ ಬಗೆಗಳನ್ನು ಓಡಿಸಿ ನೋಡುವುದು ಅರ್ಧ ಗಂಟೆಯ ಕೆಲಸ, ಮೀಟಿಂಗ್ ಅದಕ್ಕಿಂತ ಉದ್ದ.

ಈ ಮೂರು ಸಾಲುಗಳನ್ನು ಮಾಲೀಕರ ಮುಂದಿಟ್ಟು ಮಾತಾಡುವುದು ಸುಲಭ. "ನಿಮ್ಮ ಆದ್ಯತೆ ಏನು ಸಾರ್?" ಎಂದು ಕೇಳಿದರೆ ಎಲ್ಲವೂ ಮುಖ್ಯ ಎಂದೇ ಉತ್ತರ ಬರುತ್ತದೆ. "ಮೂರು ಅಂಗಡಿಗೆ ಮಧ್ಯಾಹ್ನದ ಮೇಲೆ ಸರಕು ಹೋದರೆ 20 ಲೀಟರ್ ಡೀಸೆಲ್ ಉಳಿಯುತ್ತದೆ, ಇನ್ನೂರು ರೂಪಾಯಿಯೂ ಉಳಿಯುತ್ತದೆ, ಬೇಕಾ ಸಾರ್?" ಎಂದು ಕೇಳಿದರೆ ಬೇಕು ಅಥವಾ ಬೇಡ ಎಂಬ ಸ್ಪಷ್ಟ ಉತ್ತರ ಸಿಗುತ್ತದೆ. ಮೂರನೇ ಸಾಲನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿ. ಡೀಸೆಲ್ 25 ಲೀಟರ್ ಇಳಿಯಿತು, ಆರು ಅಂಗಡಿಗೆ ಬೇಗ ಸರಕು ಮುಟ್ಟಿತು, ಅದಕ್ಕೆ ಕೊಟ್ಟದ್ದು 4,000 ರೂಪಾಯಿ. ಡೀಸೆಲಿನ ಗುರಿ ಹಣ ಉಳಿಸುವುದಕ್ಕೇ ಇದ್ದರೆ ಇದು ತಲೆಕೆಳಗಾದ ವ್ಯವಹಾರ.

ದರ್ಜೆ ಎಷ್ಟು ಕಠೋರ ಎಂಬುದು ತಿಳಿದಿರಲಿ

ಒಂದನೇ ದರ್ಜೆಯ ಗುರಿಯಲ್ಲಿ ಒಂದೇ ಒಂದು ಅಂಗಡಿ ಹೆಚ್ಚು ಸಿಗುವುದಾದರೆ, ಮೂರನೇ ದರ್ಜೆಯಲ್ಲಿ ನೂರು ಲೀಟರ್ ಹೋದರೂ ಈ ಲೆಕ್ಕಕ್ಕೆ ಪರವಾಗಿಲ್ಲ. ನಾವು ಮನುಷ್ಯರು ಹಾಗೆ ಯೋಚಿಸುವುದಿಲ್ಲ. "ಹೊತ್ತೇ ಮುಖ್ಯ" ಎಂದವರೂ ಮನಸ್ಸಿನಲ್ಲಿ "ಸುಮಾರಾಗಿ ಹೊತ್ತು" ಎಂದೇ ಅಂದಿರುತ್ತಾರೆ.

ಇದಕ್ಕೆ ಮದ್ದು ಸುಲಭ. ಎರಡನೇ ಓಟದಲ್ಲಿ ಹಾಕುವ ಬೀಗವನ್ನು ಸ್ವಲ್ಪ ಸಡಿಲ ಮಾಡಿ. `E5 <= 0` ಬದಲು `E5 <= 3` ಎಂದು ಬರೆಯಿರಿ. ಎಪ್ಪತ್ತು ಬೇಕು, ಅರವತ್ತೇಳಾದರೂ ನಡೆಯುತ್ತದೆ ಎಂದರ್ಥ. ಉಳಿದದ್ದನ್ನು ಮುಂಚಿನಂತೆಯೇ ಓಡಿಸಿದರೆ 6 ಪಿಕಪ್, 2 ಲಾರಿ, 3 ಕ್ಯಾಂಟರ್ ಬರುತ್ತದೆ. ಖರ್ಚಿನ ಗುರಿಯೂ ಮುಟ್ಟಿತು, ಡೀಸೆಲಿನದೂ ಮುಟ್ಟಿತು. ನನ್ನನ್ನು ಕೇಳಿದರೆ ಆ ದಿನಕ್ಕೆ ಕಳಿಸಬೇಕಾದದ್ದು ಇದೇ ಯೋಜನೆ. ಸಡಿಲಿಕೆ ಎಷ್ಟು ಎಂಬುದನ್ನು ಮಾತ್ರ ನೀವೇ ಊಹಿಸಬೇಡಿ, ಸೇಲ್ಸ್‌ನವರ ಬಾಯಿಂದ ಬರಲಿ. ಯಾವ ಮೂರು ಅಂಗಡಿ ತಡವಾದರೂ ಸಹಿಸಿಕೊಳ್ಳುತ್ತವೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಬೀಗ ಸಡಿಲಿಸಿದಾಗ ಒಂದು ಚಮತ್ಕಾರ ಕಾಣಬಹುದು. E5ರಲ್ಲಿ 3, F5ರಲ್ಲಿ ಇನ್ನೇನೋ ಒಂದು ಅಂಕಿ, ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಒಂದೇ ಗುರಿ ಒಮ್ಮೆಲೇ ಕಡಿಮೆಯೂ ಆಗಿ ಹೆಚ್ಚೂ ಆಗುವುದು ಹೇಗೆ? ಆ ಓಟದಲ್ಲಿ E5ನ್ನು ಇಳಿಸಿ ಎಂದು ಯಾರೂ ಹೇಳಿಲ್ಲ, ಹಾಗಾಗಿ ಸಾಲ್ವರ್ ಅದನ್ನು ಎಲ್ಲಿ ಬೇಕಾದರೂ ಬಿಡುತ್ತದೆ. ಆದ್ದರಿಂದ ಫಲಿತಾಂಶವನ್ನು I ಕಾಲಂನಲ್ಲೇ ಓದಿ.

ಡೀಸೆಲ್ ಗುರಿಯ ಹಿಂದಿನ ತಿರುವು

ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಅನುಮಾನ ಇರುವುದು ಡೀಸೆಲ್ ಸಾಲಿನ ಮೇಲೆ. ಕ್ಯಾಂಟರಿಗೆ ಸೊನ್ನೆ ಬರೆದಿದ್ದೇವೆ. ಹಾಗಾಗಿ ಡೀಸೆಲ್ ಗುರಿಯನ್ನು ಬಿಗಿ ಮಾಡಿದಷ್ಟೂ ಲೆಕ್ಕ ಬಾಡಿಗೆ ಗಾಡಿಗಳ ಕಡೆಗೆ ವಾಲುತ್ತದೆ. ಅಲ್ಲಿ ಡೀಸೆಲ್ ಉರಿಯುವುದಿಲ್ಲವೇ? ಉರಿಯುತ್ತದೆ, ಬಿಲ್ಲು ಬೇರೆಯವರ ಹೆಸರಿಗೆ ಹೋಗುತ್ತದೆ ಅಷ್ಟೇ.

ಕ್ಯಾಂಟರ್ ಟ್ರಿಪ್ಪಿಗೆ 16 ಲೀಟರ್ ಎಂದು ಹಿಡಿದು ಮೂರು ಯೋಜನೆಗಳನ್ನು ಮತ್ತೆ ಕೂಡಿಸಿ. 130 ಲೀಟರಿನದು 162 ಆಗುತ್ತದೆ. 110ರದು 158. ಅತಿ ಕಡಿಮೆ, 105 ಎಂದು ಹೆಮ್ಮೆಯಿಂದ ತೋರಿಸಿದ್ದ ಮೂರನೆಯದು 169 ಆಗಿ, ಮೂರರಲ್ಲೇ ಹೆಚ್ಚು ಡೀಸೆಲ್ ಸುಡುವುದಾಗಿಬಿಡುತ್ತದೆ. ಲಾರಿಯನ್ನು ನಿಲ್ಲಿಸಿ ಸಣ್ಣ ಗಾಡಿಗಳಲ್ಲಿ ಹಂಚಿದರೆ ಟನ್ನಿಗೆ ಡೀಸೆಲ್ ಹೆಚ್ಚಲೇಬೇಕು. ಹಳೆಯ ಲೆಕ್ಕ ಅದನ್ನು ಮುಚ್ಚಿಟ್ಟಿತ್ತು.

ಹಾಗಾಗಿ ಗುರಿ ಬರೆಯುವ ಮೊದಲೇ ಕೇಳಿಕೊಳ್ಳಿ: ಈ 120 ಲೀಟರ್ ಯಾತಕ್ಕೆ? ಬಂಕಿನ ಉದ್ದರಿ ಮಿತಿಗಾದರೆ ಸ್ವಂತ ಗಾಡಿಗಳ ಡೀಸೆಲ್ ಎಣಿಸಿದರೆ ಸಾಕು. ಹೊಗೆ ಕಡಿಮೆ ಮಾಡುತ್ತೇವೆ ಎಂದು ದೊಡ್ಡ ಗಿರಾಕಿಗೆ ಮಾತು ಕೊಟ್ಟಿದ್ದರೆ ಕ್ಯಾಂಟರಿನದನ್ನೂ ಸೇರಿಸಬೇಕು, ಗುರಿಯ ಅಂಕಿಯನ್ನೂ ಅದಕ್ಕೆ ತಕ್ಕಂತೆ ಏರಿಸಬೇಕು. ಬರೀ ದುಡ್ಡಿಗಾದರೆ ಈ ಗುರಿಯೇ ಬೇಡ. ಡೀಸೆಲಿನ ಹಣ ಖರ್ಚಿನ ಸಾಲಿನಲ್ಲಿ ಆಗಲೇ ಕೂತಿದೆ. ಪಿಕಪ್ಪಿನ 2,600ರಲ್ಲಿ, ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ, 900 ರೂಪಾಯಿ ಡೀಸೆಲ್ಲೇ. ಅದನ್ನು ಮತ್ತೊಮ್ಮೆ ಗುರಿಯಾಗಿ ಹಾಕಿದರೆ ಒಂದೇ ರೂಪಾಯಿಗೆ ಎರಡು ಸಲ ದಂಡ ಕಟ್ಟಿದಂತೆ.

ಎಲ್ಲರೂ ಎಡವುವ ಜಾಗಗಳು

1. ಮೊದಲ ಗುರಿಯನ್ನು ಕೈಗೆಟುಕದಷ್ಟು ಎತ್ತರಕ್ಕೆ ಇಡುವುದು. ಸೇಲ್ಸ್‌ನವರ ಒತ್ತಾಯಕ್ಕೆ 70ರ ಜಾಗದಲ್ಲಿ 80 ಬರೆದಿರಿ ಎನ್ನಿ. ಈ ಗಾಡಿಗಳಲ್ಲಿ ಹೆಚ್ಚೆಂದರೆ 79 ಸಾಧ್ಯ. ಅದನ್ನು ಕೊಡುವ ಜೋಡಣೆ ಒಂದೇ: 10 ಪಿಕಪ್, 1 ಲಾರಿ, 3 ಕ್ಯಾಂಟರ್, 47,000 ರೂಪಾಯಿ. ಮೊದಲ ಓಟ ಮುಗಿಯುವಷ್ಟರಲ್ಲೇ ಉತ್ತರ ನಿರ್ಧಾರವಾಗಿರುತ್ತದೆ. ಖರ್ಚು, ಡೀಸೆಲ್ ಗುರಿಗಳು ಹಾಳೆಯಲ್ಲಿ ಇರುತ್ತವೆ, ಆದರೆ ಅವಕ್ಕೆ ಬಾಯಿಲ್ಲ. ಇದನ್ನು ಪತ್ತೆಮಾಡಲು ಖರ್ಚಿನ ಗುರಿಯನ್ನು ಐದು ಸಾವಿರ ಮೇಲೆ ಕೆಳಗೆ ಮಾಡಿ ಮತ್ತೆ ಓಡಿಸಿ. ಗಾಡಿಗಳ ಸಂಖ್ಯೆ ಒಂದಿಷ್ಟೂ ಅಲುಗದಿದ್ದರೆ ಮೇಲಿನ ಗುರಿ ಕೆಳಗಿನವರ ಕತ್ತು ಹಿಸುಕುತ್ತಿದೆ ಎಂದೇ ಲೆಕ್ಕ.

2. ಇದಕ್ಕೆ ತದ್ವಿರುದ್ಧವಾಗಿ, ಎಲ್ಲ ಗುರಿಗಳನ್ನೂ ಸಡಿಲವಾಗಿ ಇಡುವುದು. 60 ಅಂಗಡಿ, 43,000 ರೂ., 160 ಲೀಟರ್ ಎಂದು ಇಟ್ಟರೆ ಎಲ್ಲ ತಪ್ಪುಗಳೂ ಸೊನ್ನೆ ಬರುತ್ತವೆ, ನೋಡಲು ಚೆಂದ. ಆದರೆ 8 ಪಿಕಪ್, 3 ಲಾರಿ ಕಳಿಸಿದರೂ 64 ಅಂಗಡಿ. 4 ಪಿಕಪ್, 2 ಲಾರಿ, 4 ಕ್ಯಾಂಟರ್ ಕಳಿಸಿದರೂ 64 ಅಂಗಡಿ. ಮೊದಲನೆಯದಕ್ಕೆ 38,800 ರೂ. ಮತ್ತು 155 ಲೀಟರ್, ಎರಡನೆಯದಕ್ಕೆ 42,400 ರೂ. ಮತ್ತು 90 ಲೀಟರ್. ಲೆಕ್ಕದ ಕಣ್ಣಿಗೆ ಎರಡೂ ಒಂದೇ, ಗುರಿ ಮುಟ್ಟಿದ ಮೇಲೆ ಅದು ಇನ್ನೂ ಒಳ್ಳೆಯದನ್ನು ಹುಡುಕುವುದಿಲ್ಲ. ಮೂರೂ ಓಟದಲ್ಲಿ ಸೊನ್ನೆ ಬಂದರೆ ನಾಲ್ಕನೇ ಓಟ ಮಾಡಿ: ಮೂರೂ ಬೀಗ ಹಾಕಿ, ನಿಜವಾದ ಖರ್ಚಿನ I6ನ್ನೇ ಕನಿಷ್ಠ ಮಾಡಿ.

3. ದರ್ಜೆಗಳ ಬದಲು ಮೂರು ತಪ್ಪುಗಳನ್ನೂ ಹಾಗೆಯೇ ಕೂಡಿಸಿ ಒಟ್ಟು ಮೊತ್ತವನ್ನು ಇಳಿಸುವುದು. ಅಂಗಡಿ, ರೂಪಾಯಿ, ಲೀಟರ್ ಮೂರನ್ನೂ ಒಂದೇ ತಕ್ಕಡಿಗೆ ಹಾಕಿದರೆ ರೂಪಾಯಿಯ ತೂಕವೇ ಗೆಲ್ಲುತ್ತದೆ. ಖರ್ಚಿನ ಗುರಿ 42,500 ಇದ್ದರೆ ನೋಡಿ. 6, 2, 3ರ ಯೋಜನೆಯಲ್ಲಿ ಮೂರು ಅಂಗಡಿ ಕಡಿಮೆ, ನೂರು ರೂಪಾಯಿ ಹೆಚ್ಚು: ಮೊತ್ತ 103. 4, 2, 4ರದರಲ್ಲಿ ಆರು ಅಂಗಡಿ ಕಡಿಮೆ, ಬೇರೇನೂ ತಪ್ಪಿಲ್ಲ: ಮೊತ್ತ 6. ನೂರು ರೂಪಾಯಿಗೆ ಹೆದರಿ ಇನ್ನೂ ಮೂರು ಅಂಗಡಿ ಬಿಟ್ಟಿತು! ಕೂಡಿಸಲೇಬೇಕು ಎನ್ನುವವರು ಪ್ರತಿ ತಪ್ಪನ್ನೂ ಅದರ ಗುರಿಯಿಂದ ಭಾಗಿಸಿ ಶೇಕಡಾ ಮಾಡಿಕೊಳ್ಳಲಿ. ಆಗ ಮೊದಲನೆಯದರ ಮೊತ್ತ ಸುಮಾರು ಶೇ. 4.5, ಎರಡನೆಯದರದು ಶೇ. 8.6. ಉತ್ತರ ಸರಿದಾರಿಗೆ ಬರುತ್ತದೆ.

4. ಮೂರು ಓಟ ಯಾರು ಮಾಡುತ್ತಾರೆ ಎಂದು n1ಕ್ಕೆ ಹತ್ತು ಲಕ್ಷ, p2ಕ್ಕೆ ಸಾವಿರ, p3ಕ್ಕೆ ಒಂದು ಎಂಬ ತೂಕ ಹಾಕಿ ಒಂದೇ ಓಟದಲ್ಲಿ ಮುಗಿಸುವುದು. ಕೆಲವೊಮ್ಮೆ ಸರಿ ಬರುತ್ತದೆ. ಆದರೆ ಅಷ್ಟು ದೊಡ್ಡ ಸಂಖ್ಯೆಗಳ ನಡುವೆ ಕಂಪ್ಯೂಟರಿಗೆ ಹತ್ತು ಲೀಟರ್ ಕಾಣಿಸದೇ ಹೋಗಬಹುದು, ಕೆಳದರ್ಜೆಯ ಗುರಿ ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ. ಮೂರು ಓಟ ಎಂದರೆ ಎರಡು ನಿಮಿಷ.

5. ಇವತ್ತಿನ ನಿರ್ಧಾರದಿಂದ ಬದಲಾಗದ ಖರ್ಚನ್ನೂ ಟ್ರಿಪ್ಪಿಗೆ ಹಂಚಿ ಬರೆಯುವುದು. ಲಾರಿ ಡ್ರೈವರಿಗೆ ತಿಂಗಳ ಸಂಬಳ ಇದ್ದರೆ ಗಾಡಿ ಹೊರಟರೂ ನಿಂತರೂ ಅದು ಕೊಡಬೇಕಾದದ್ದೇ. ಇನ್ಶೂರೆನ್ಸ್, ಸಾಲದ ಕಂತು ಕೂಡ ಹಾಗೆಯೇ. ಖರ್ಚಿನ ಸಾಲಿಗೆ ಹೋಗಬೇಕಾದದ್ದು ಡೀಸೆಲ್, ಟೋಲ್, ಬಾಟಾ, ಹಮಾಲಿ, ಓಟಕ್ಕೆ ತಕ್ಕಂತೆ ಸವೆಯುವ ಟೈರು, ಬಾಡಿಗೆ. ಸಂಬಳವನ್ನೂ ಸೇರಿಸಿದರೆ ಸ್ವಂತ ಗಾಡಿ ಸುಳ್ಳೇ ದುಬಾರಿಯಾಗಿ ಕಂಡು, ಲೆಕ್ಕ ಬಾಡಿಗೆಯತ್ತ ಓಡುತ್ತದೆ.

ಈ ಲೆಕ್ಕ ಮಾಡದ ಕೆಲಸ

ಎಷ್ಟು ಗಾಡಿ, ಯಾವ ಬಗೆಯದು ಎಂಬುದನ್ನು ಇದು ಹೇಳುತ್ತದೆ. ಯಾವ ಗಾಡಿ ಯಾವ ಬೀದಿಗೆ, ಯಾವ ಅಂಗಡಿ ಮೊದಲು ಎಂಬುದನ್ನು ಹೇಳುವುದಿಲ್ಲ. "ಲಾರಿಗೆ 12ರೊಳಗೆ 8 ಅಂಗಡಿ" ಎಂಬುದು ಒಂದು ಸರಾಸರಿ. ಕುಣಿಗಲ್ ರಸ್ತೆಗೆ ಹೋದ ಲಾರಿಗೂ ಪೇಟೆಯೊಳಗೆ ನುಗ್ಗಿದ ಲಾರಿಗೂ ಅದು ಒಂದೇ ಆಗಿರುವುದಿಲ್ಲ. ನಿಮ್ಮಲ್ಲಿ ವ್ಯತ್ಯಾಸ ದೊಡ್ಡದಿದ್ದರೆ ಲಾರಿಯನ್ನು ಎರಡು ಕಾಲಂ ಮಾಡಿ: ಹೊರಊರಿನ ಲಾರಿ, ಪೇಟೆಯ ಲಾರಿ. ಒಂದೊಂದಕ್ಕೂ ಅದರದೇ ಅಂಕಿ ಕೊಡಿ, ಎರಡೂ ಸೇರಿ ಮೂರನ್ನು ಮೀರಬಾರದು ಎಂಬ ಒಂದು ಷರತ್ತು ಸೇರಿಸಿ. ಮಳೆಗಾಲದಲ್ಲಿ 12ರೊಳಗಿನ ಅಂಕಿಗಳು ಕುಸಿಯುತ್ತವೆ. ಬೇಸಿಗೆಯ ಟ್ರಿಪ್ ಶೀಟ್ ಇಟ್ಟುಕೊಂಡು ಆಗಸ್ಟಿನಲ್ಲಿ ಓಡಿಸಿದರೆ, ಹಾಳೆಯಲ್ಲಿ 70 ಇರುತ್ತದೆ, ಬೀದಿಯಲ್ಲಿ ಇರುವುದಿಲ್ಲ.

ಮಾಲೀಕರು ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ. 8, 2, 2ರ ಯೋಜನೆಯಲ್ಲಿ ಒಂದು ಸ್ವಂತ ಲಾರಿ ಅಂಗಳದಲ್ಲೇ ನಿಂತಿದೆ, ಆದರೂ ಎರಡು ಕ್ಯಾಂಟರಿಗೆ ಹತ್ತು ಸಾವಿರ ಬಾಡಿಗೆ ಹೋಗುತ್ತಿದೆ. "ಮನೆ ಲಾರಿ ನಿಲ್ಲಿಸಿ ಬಾಡಿಗೆ ಯಾಕೆ?" ಇದಕ್ಕೆ ಹಾಳೆಯಲ್ಲೇ ಉತ್ತರ ಇದೆ. ಹಾಕಿದ್ದ ಬೀಗಗಳನ್ನು ತೆಗೆದು, B3:D3ರ ಜೊತೆಗೆ `C2 = 3` ಎಂದು ಸೇರಿಸಿ ಮೊದಲ ಓಟ ಮಾಡಿ ತೋರಿಸಿ. ಮೂರನೇ ಲಾರಿ ಹೊರಟರೆ, ಉಳಿದದ್ದನ್ನು ಹೇಗೆ ಹೊಂದಿಸಿದರೂ 12ರೊಳಗೆ 64 ಅಂಗಡಿಗಿಂತ ಹೆಚ್ಚು ಆಗುವುದಿಲ್ಲ. ಲಾರಿ ನಿಂತಿರುವುದು ಆ ಆರು ಅಂಗಡಿಗಳಿಗಾಗಿ. ಆ ಲಾರಿಯನ್ನೂ ಉಳಿದ ಎರಡು ಪಿಕಪ್ಪುಗಳನ್ನೂ ಅವತ್ತೇ ಸರ್ವಿಸಿಗೆ ಬಿಡಬಹುದು. ಪಿಕಪ್ಪುಗಳನ್ನು ಸರ್ವಿಸಿಗೆ ಬಿಡದೆ ಇಟ್ಟುಕೊಂಡರೆ, ಬೆಳಿಗ್ಗೆ ಎರಡು ಸ್ಟಾರ್ಟ್ ಆಗಲಿಲ್ಲ ಎಂದರೂ ಯೋಜನೆ ಬದಲಾಗದು, ಎಂಟು ಇದ್ದೇ ಇವೆ. ಮೂರನೆಯದೂ ಕೈಕೊಟ್ಟರೆ ಮಾತ್ರ, ಬೀಗಗಳನ್ನೂ `C2 = 3` ಷರತ್ತನ್ನೂ ತೆಗೆದು, B3ರಲ್ಲಿ 7 ಬರೆದು ಮೊದಲ ಓಟದಿಂದ ಮತ್ತೆ ಓಡಿಸಿ: 6 ಪಿಕಪ್, 2 ಲಾರಿ, 3 ಕ್ಯಾಂಟರ್ ಬರುತ್ತದೆ. ಇನ್ನೊಂದು ಕ್ಯಾಂಟರಿಗೆ ಫೋನ್ ಮಾಡಬೇಕು, ಮೂರು ಅಂಗಡಿಯವರಿಗೆ ಮಧ್ಯಾಹ್ನದ ಮೇಲೆ ಬರುತ್ತೇವೆ ಎಂದು ಮೊದಲೇ ಹೇಳಬೇಕು.